ಚಿತ್ರದಲ್ಲಿ ಜಾಗವಿದೆ, ಶೆಡ್ಡಿನಲ್ಲಿಲ್ಲ

"ತ್ರೀಡಿ ತೋರಿಸೋದಕ್ಕೆ, ಪ್ಲಾನು ಕೆಲಸಕ್ಕೆ." ಸಣ್ಣ ವರ್ಕ್‌ಶಾಪು ಕಟ್ಟಿಸುವವರೂ ಅವರಿಗೆ ಕಂಪ್ಯೂಟರಿನಲ್ಲಿ ಒಳಾಂಗಣದ ಚಿತ್ರ ಮಾಡಿಕೊಡುವವರೂ ಈಗ ಸಲೀಸಾಗಿ ಒಪ್ಪಿಕೊಂಡಿರುವ ಮಾತು ಇದು. ಚಿತ್ರ ಕಣ್ಣಿಗೆ ತಂಪಾಗಿದ್ದರೆ ಸಾಕು. ಅಳತೆ ಗಿಳತೆ ಎಲ್ಲ ಮೇಸ್ತ್ರಿ ಕೈಯಲ್ಲಿರುವ ಕಾಗದದಲ್ಲಿದೆ. ಯಂತ್ರ ಚಿತ್ರದಲ್ಲಿ ಒಂದು ಗೇಣು ಚಿಕ್ಕದಾದರೆ ಯಾರ ಗಂಟು ಹೋಯಿತು? ಹೀಗೆ ವಾದ ಸಾಗುತ್ತದೆ. ಈ ವಾದ ಪೂರ್ತಿ ತಪ್ಪು ಎನ್ನುವುದು ನನ್ನ ತಕರಾರು. ಸಣ್ಣ ಶೆಡ್ಡಿನ ವಿಷಯದಲ್ಲಂತೂ ಪ್ಲಾನು ಮುಚ್ಚಿಡುವ ತಪ್ಪುಗಳನ್ನು ಹೊರಗೆಳೆಯುವುದೇ ತ್ರೀಡಿ ಚಿತ್ರದ ಕೆಲಸ. ಆ ಕೆಲಸ ಬಿಟ್ಟು ಅದು ಅಲಂಕಾರ ಮಾಡಿಕೊಂಡು ನಿಂತರೆ, ಪ್ಲಾನು ಹೇಳಿದ ಸುಳ್ಳಿಗೆ ಬಣ್ಣ ಬಳಿದಂತೆ.

ದೊಡ್ಡ ಕಾರ್ಖಾನೆಯ ಮಾತು ಬೇರೆ. ಹೆಬ್ಬಾಳು, ಹೂಟಗಳ್ಳಿಯ ಕೈಗಾರಿಕಾ ಪ್ರದೇಶದಲ್ಲಿ ಒಂದಡಿ ತಪ್ಪಿದರೆ ಪಕ್ಕದಲ್ಲಿ ಹತ್ತಡಿ ಖಾಲಿ ಇರುತ್ತದೆ. ನಾನು ಹೇಳುತ್ತಿರುವುದು ಮೈಸೂರಿನ ರಾಜೀವನಗರದಂಥ ಬಡಾವಣೆಯ ಮಾತು. ಇಲ್ಲಿ ಕೈಗೆಟಕುವ ಸೈಟೆಂದರೆ 20×30, ಸ್ವಲ್ಪ ಅನುಕೂಲಸ್ಥರಾದರೆ 30×40. ಗೋಡೆಗೆ ಗೋಡೆ ತಾಗಿಕೊಂಡ ಬೀದಿಯಲ್ಲಿ ಬಡಗಿಯೊಬ್ಬರು ನಾಲ್ಕು ಯಂತ್ರ ಇಟ್ಟುಕೊಂಡು ಕುಳಿತರೆ ಒಂದು ಅಡಿಯೆಂದರೆ ಒಂದು ಅಡಿಯೇ. ಅದನ್ನು ಬೇರೆ ಎಲ್ಲಿಂದಲೂ ಸಾಲ ತರುವ ಹಾಗಿಲ್ಲ.

ಲೆಕ್ಕಕ್ಕೆ ಅಂಥದೇ ಒಂದು ಮರಗೆಲಸದ ಶೆಡ್ಡು ಹಿಡಿಯೋಣ. 20×30 ಸೈಟು, ಆರಿಂಚಿನ ಗೋಡೆ. ಒಳಗೆ ಉಳಿಯುವುದು 19 ಅಡಿ ಅಗಲ, 29 ಅಡಿ ಉದ್ದ. ಬೀದಿ ಕಡೆಯ ಗಿಡ್ಡ ಗೋಡೆಯಲ್ಲಿ ಶೆಟರ್ರು. ಒಳಗೆ ಒಂದು ಕಟಿಂಗ್ ಮಷಿನ್ನು, ಅಂದರೆ ಮೇಜಿನ ನಡುವೆ ದುಂಡು ಗರಗಸ ಮೇಲೆದ್ದು ತಿರುಗುವಂಥದ್ದು. ಹಲಗೆಯ ದಪ್ಪ ಸಮ ಮಾಡುವ ರಂದಾ ಮಷಿನ್ನು. ಒಂದು ಬ್ಯಾಂಡ್ ಸಾ. ಗೋಡೆಗೆ ಒಂದು ಕೆಲಸದ ಮೇಜು. ಪ್ಲಾನಿನಲ್ಲಿ ಇವೆಲ್ಲ ಚೌಕ ಚೌಕ ಗೀಟು. ಕಟಿಂಗ್ ಮಷಿನ್ನಿನ ಚೌಕ ಮೂರಡಿ ನಾಲ್ಕಡಿ ಇದ್ದೀತು. 19 ಅಡಿ ಅಗಲದಲ್ಲಿ ಆ ಚೌಕವನ್ನು ಅಡ್ಡಲಾಗಿ, ಗರಗಸ ಒಂದು ಪಕ್ಕದ ಗೋಡೆಗೆ ಮುಖ ಮಾಡಿದ ಹಾಗೆ ಇಟ್ಟರೆ ಎರಡೂ ಕಡೆ ಏಳೆಂಟು ಅಡಿ ಬಯಲು ಉಳಿಯುತ್ತದೆ. ಚಿತ್ರ ಮಾಡುವವರಿಗೆ ಇದು ಬಲು ಪ್ರೀತಿಯ ಜೋಡಣೆ. ಶೆಟರಿನಿಂದ ನೋಡಿದರೆ ಯಂತ್ರದ ಪಕ್ಕದ ನೋಟ ಚೆನ್ನಾಗಿ ಬರುತ್ತದೆ, ಹಿಂದೆ ರಂದಾ ಮಷಿನ್ನು, ಅದರ ಹಿಂದೆ ಬ್ಯಾಂಡ್ ಸಾ ಸಾಲಾಗಿ ಕಾಣುತ್ತವೆ. ಒಪ್ಪವಾಗಿದೆ ಎಂದು ಯಜಮಾನರೂ ತಲೆದೂಗುತ್ತಾರೆ.

ಈಗ ಅದೇ ಚಿತ್ರದಲ್ಲಿ ಒಂದು ಪ್ಲೈವುಡ್ ಶೀಟು ಇಡಿ. ಎಂಟಡಿ ಉದ್ದ, ನಾಲ್ಕಡಿ ಅಗಲ. ಅದನ್ನು ಉದ್ದುದ್ದ ಸೀಳಬೇಕು. ಶೀಟಿನ ಮುಂದಿನ ಅಂಚು ಗರಗಸ ಮುಟ್ಟುವಾಗ ಇಡೀ ಎಂಟಡಿ ಗರಗಸದ ಈಚೆ ಇರುತ್ತದೆ, ಅದರ ಹಿಂದೆ ತಳ್ಳುವವನು ನಿಲ್ಲಬೇಕು, ಅವನಿಗೆ ಎರಡಡಿ. ಸೀಳಿ ಮುಗಿದಾಗ ಆ ಎಂಟಡಿಯೂ ಗರಗಸದ ಆಚೆ ಹೋಗಿರುತ್ತದೆ, ಅಲ್ಲಿ ಹಿಡಿಯುವವನಿಗೆ ಎರಡಡಿ. 18 ಮಿಲಿಮೀಟರಿನ ಶೀಟು ಮೂವತ್ತು ಕಿಲೋ ದಾಟುವುದರಿಂದ ಹಿಡಿಯುವವನು ಬೇಡ ಎನ್ನುವಂತಿಲ್ಲ. ಹತ್ತು ಮತ್ತು ಹತ್ತು, ಒಟ್ಟು ಇಪ್ಪತ್ತಡಿ. ಶೆಡ್ಡಿನ ಅಗಲ ಹತ್ತೊಂಬತ್ತು.

ಒಂದೇ ಒಂದಡಿ ಕಡಿಮೆ. ಆದರೆ ಆ ಒಂದಡಿ ಎಂದರೆ ಹಿಡಿಯುವವನ ಬೆನ್ನು ಗೋಡೆಗೆ, ತಳ್ಳುವವನ ಬೆನ್ನು ಎದುರು ಗೋಡೆಗೆ. ಕೊನೆಯ ಅರ್ಧ ಅಡಿ ಸೀಳುವಾಗ ಶೀಟನ್ನು ಓರೆಯಾಗಿ ಎಳೆಯದೆ ಗತಿಯಿಲ್ಲ. ಓರೆ ಎಳೆದರೆ ಮರ ಗರಗಸಕ್ಕೂ ಪಕ್ಕದ ಗೈಡಿಗೂ ನಡುವೆ ಬಿಗಿಯುತ್ತದೆ, ಬಿಗಿದರೆ ಹಿಂದಕ್ಕೆ ಚಿಮ್ಮುತ್ತದೆ. ಹನ್ನೆರಡು ಇಂಚಿನ ಬ್ಲೇಡು ನಿಮಿಷಕ್ಕೆ 3000 ಸುತ್ತು ತಿರುಗಿದರೆ ಅದರ ಹಲ್ಲಿನ ವೇಗ ಗಂಟೆಗೆ ಸುಮಾರು 170 ಕಿಲೋಮೀಟರು. ಚಿಮ್ಮುವ ತುಂಡು ಹೊರಡುವುದು ತಳ್ಳುವವನ ಹೊಟ್ಟೆಯ ನೇರಕ್ಕೆ. ಪ್ಲಾನಿನಲ್ಲಿ ಇದು ಕಾಣಲಿಲ್ಲ, ಯಾಕೆಂದರೆ ಪ್ಲಾನಿನಲ್ಲಿ ಯಂತ್ರ ಇತ್ತು, ಕೆಲಸ ಇರಲಿಲ್ಲ. ಅಲಂಕಾರದ ತ್ರೀಡಿಯಲ್ಲೂ ಕಾಣಲಿಲ್ಲ, ಅದೇ ಕಾರಣಕ್ಕೆ.

ಹಾಗಾದರೆ ಯಂತ್ರ ಸರಿಯಾದ ಅಳತೆಯಲ್ಲಿರಬೇಕು ಎಂದರೆ ಅದರ ಕಬ್ಬಿಣದ ಮೈ ಮಾತ್ರ ಅಳತೆಯಲ್ಲಿದ್ದರೆ ಸಾಲದು. ಅದು ದಿನವೆಲ್ಲ ನುಂಗಿ ಉಗುಳುವ ಮರದ ದಾರಿಯೂ ಚಿತ್ರದಲ್ಲಿರಬೇಕು. ನಮ್ಮ ಶೆಡ್ಡಿನಲ್ಲಿ ಕಟಿಂಗ್ ಮಷಿನ್ನು ಕೇಳುವುದು ಇಪ್ಪತ್ತಡಿ ಉದ್ದ, ಸುಮಾರು ಆರಡಿ ಅಗಲದ ಪಟ್ಟಿ. ಅದನ್ನು 29 ಅಡಿಯ ಉದ್ದಕ್ಕೆ ತಿರುಗಿಸಿ, ಒಂದು ಪಕ್ಕದ ಗೋಡೆಗೆ ಸರಿಸಿ ನೆಲದ ಮೇಲೆ ಹಳದಿ ಬಣ್ಣದಲ್ಲಿ ತೋರಿಸಿ. ಉಳಿದ ಹದಿಮೂರಡಿ ಅಗಲದಲ್ಲಿ ಮೊದಲು ಮೂರಡಿ ಓಡಾಟದ ದಾರಿ, ಆಮೇಲೆ ರಂದಾ ಮಷಿನ್ನೂ ಬ್ಯಾಂಡ್ ಸಾವೂ ಒಂದರ ಹಿಂದೆ ಒಂದು, ಆಮೇಲೆ ಮತ್ತೆ ಮೂರಡಿ, ಕೊನೆಗೆ ಗೋಡೆಗೆ ಮೇಜು. ರಂದಾ ಮಷಿನ್ನಿಗೂ ಎಂಟಡಿ ಹಲಗೆ ಹೋಗಲು ಎಂಟು, ಬರಲು ಎಂಟು ಅಡಿ ಬೇಕು. ಆದರೆ ಬ್ಯಾಂಡ್ ಸಾ ಓಡುವಾಗ ರಂದಾ ಓಡದಿದ್ದರೆ ಎರಡೂ ಒಂದೇ ಪಟ್ಟಿಯನ್ನು ಹಂಚಿಕೊಳ್ಳಬಹುದು, ರಂದಾದ ಹಲಗೆ ಬ್ಯಾಂಡ್ ಸಾದ ಮೇಜಿನ ಮೇಲೆಯೇ ಹಾಯುವಂತೆ ಎತ್ತರ ಹೊಂದಿಸಿದರೆ. ಇಂಥ ಹೊಂದಾಣಿಕೆ ಹೊಳೆಯುವುದು ಪಟ್ಟಿಗಳು ಒಂದರ ಮೇಲೊಂದು ಬಿದ್ದಾಗ, ಯಂತ್ರಗಳ ಎತ್ತರ ಅಕ್ಕಪಕ್ಕ ಕಂಡಾಗ. ಅದನ್ನು ಪ್ಲಾನು ತೋರಿಸಲಾರದು.

ಇನ್ನೊಂದು ಮಾತು. ಪಟ್ಟಿಯನ್ನು ಉದ್ದಕ್ಕೆ ತಿರುಗಿಸಿದ ಮೇಲೆ ತಳ್ಳುವವನು ಯಾವ ಕಡೆ ನಿಲ್ಲುತ್ತಾನೆ? ಶೆಟರಿನ ಕಡೆ ನಿಂತರೆ ಶೀಟು ಒಳತರುವುದು ಸುಲಭ. ಆದರೆ ಚಿಮ್ಮಿದ ತುಂಡು ಅವನಿಗೆ ತಪ್ಪಿದರೆ ನೇರ ಬೀದಿಗೆ. ನಮ್ಮ ಬೀದಿಗಳಲ್ಲಿ ಶೆಟರಿನ ಹೊಸಿಲಿಂದ ಎರಡು ಹೆಜ್ಜೆಗೆ ಮಕ್ಕಳು ಆಡುತ್ತಿರುತ್ತವೆ. ಅವನು ಹಿಂಗೋಡೆಗೆ ಬೆನ್ನು ಕೊಟ್ಟು ನಿಲ್ಲಬೇಕು, ಮರ ಶೆಟರಿನ ಕಡೆ ಹೊರಬರಬೇಕು. ಶೀಟನ್ನು ಒಳತನಕ ಹೊತ್ತು ತಿರುಗಿಸುವ ಕಷ್ಟ ಹೆಚ್ಚಾಗುತ್ತದೆ, ಆಗಲಿ. ಬೀದಿಯನ್ನೂ ಸೇರಿಸಿ ಚಿತ್ರ ಬರೆಯುವವರು ಎಷ್ಟು ಜನ? ಶೆಟರಿನ ಆಚೆ ಬಿಳಿ ಆಕಾಶ, ಎಲ್ಲಿಂದಲೋ ಇಳಿಸಿಕೊಂಡ ಒಂದು ತಾಳೆ ಮರ. ಮುಗಿಯಿತು.

ಯಂತ್ರದ ಮಾದರಿಗಳನ್ನು ಸಾಮಾನ್ಯವಾಗಿ ಯಾರೂ ಕೂತು ಕಟ್ಟುವುದಿಲ್ಲ. ಸಿಕ್ಕಿದ್ದನ್ನು ಇಳಿಸಿಕೊಂಡು ಇಡುತ್ತಾರೆ. ಅದರಲ್ಲಿ ತಪ್ಪೇನಿಲ್ಲ. ಆ ಫೈಲುಗಳು ಒಂದೊಂದು ಒಂದೊಂದು ಮಾನದಲ್ಲಿ ಬಂದಿರುತ್ತವೆ, ಕೆಲವಕ್ಕೆ ಮಾನವೇ ಇರುವುದಿಲ್ಲ. ಮಿಲಿಮೀಟರನ್ನು ಮೀಟರೆಂದು ಓದಿದರೆ ಯಂತ್ರ ಚಾಮುಂಡಿ ಬೆಟ್ಟದಷ್ಟಾಗುತ್ತದೆ, ಅದು ಎಲ್ಲರಿಗೂ ಗೊತ್ತಾಗುತ್ತದೆ. ಗೊತ್ತಾಗದ ತಪ್ಪು ಶೇಕಡ ಹತ್ತು ಹದಿನೈದರದು. ಯಂತ್ರ ದೊಡ್ಡದಾಗಿ ಕಂಡಿತೆಂದು ಮೌಸಿನಿಂದ ಮೂಲೆ ಹಿಡಿದು ಒಂಚೂರು ಒಳಗೆ ತಳ್ಳಿರುತ್ತಾರೆ. ಪತ್ತೆ ಹಚ್ಚುವುದು ಸುಲಭ: ಕಟಿಂಗ್ ಮಷಿನ್ನಿನ ಮೇಜಿನ ಎತ್ತರ ಅಳೆಯಿರಿ. ನಿಂತು ಕೆಲಸ ಮಾಡುವ ಮೇಜು ನೆಲದಿಂದ ಸುಮಾರು 850ರಿಂದ 900 ಮಿಲಿಮೀಟರು ಇರಬೇಕು. ಚಿತ್ರದಲ್ಲಿ 750 ಇದೆಯೆಂದರೆ ಉದ್ದ ಅಗಲವೂ ಅಷ್ಟೇ ಪಾಲು ಕುಗ್ಗಿವೆ, ದಾರಿ ಅಗಲವಾಗಿದ್ದು ಆ ಕಳ್ಳಲೆಕ್ಕದಿಂದ. ನಾನಂತೂ ಪ್ರತಿ ಚಿತ್ರದಲ್ಲೂ ಎಂಟು ನಾಲ್ಕರ ಒಂದು ಶೀಟನ್ನು ಗೋಡೆಗೊರಗಿಸಿ ಇಡಿ ಎನ್ನುತ್ತೇನೆ. ಬಡಗಿಯ ಕಣ್ಣಿಗೆ ಅದರ ಅಳತೆ ಬಾಯಿಪಾಠ. ಪಕ್ಕದ ಯಂತ್ರ ಸುಳ್ಳಾದರೆ ಅವರೇ ಕ್ಷಣದಲ್ಲಿ ಹೇಳುತ್ತಾರೆ.

ಕ್ಯಾಮೆರಾದ ಮೋಸ ಇದಕ್ಕಿಂತ ನಯವಾದದ್ದು. 14 ಮಿಲಿಮೀಟರಿನ ಲೆನ್ಸು ಕಣ್ಣ ಮುಂದಿನ ನೂರು ಡಿಗ್ರಿಗೂ ಹೆಚ್ಚನ್ನು ಒಂದೇ ಚಿತ್ರಕ್ಕೆ ತುರುಕುತ್ತದೆ. ಹತ್ತಿರದ ನೆಲ ಹಿಗ್ಗುತ್ತದೆ, ದೂರದ ಗೋಡೆ ಓಡಿಹೋಗುತ್ತದೆ, ಮೂರಡಿ ದಾರಿಯಲ್ಲಿ ಆಟೋ ಹೋಗಬಹುದು ಅನ್ನಿಸುತ್ತದೆ. ಸಣ್ಣ ಕೋಣೆಯಲ್ಲಿ ಹಿಂದೆ ಸರಿಯಲು ಜಾಗವಿಲ್ಲ, ಏನು ಮಾಡುವುದು ಎಂದು ಕೇಳುತ್ತಾರೆ. ನಿಜವಾದ ಫೋಟೊಗ್ರಾಫರ್ ಹಾಗೆ ಕೇಳಿದರೆ ಒಪ್ಪಬಹುದು, ಅವರ ಬೆನ್ನಿಗೆ ನಿಜವಾದ ಗೋಡೆ ಇರುತ್ತದೆ. ಕಂಪ್ಯೂಟರಿನೊಳಗಿನ ಕ್ಯಾಮೆರಾ ಗೋಡೆಯ ಆಚೆ ನಿಂತು, ಅಡ್ಡ ಬರುವ ಗೋಡೆಯನ್ನು ಕತ್ತರಿಸಿ ಒಳಗೆ ನೋಡಬಲ್ಲದು. ಹಾಗೆ ನಿಂತು, ಐದಡಿ ಎತ್ತರದಿಂದ, 28 ಅಥವಾ 35 ಮಿಲಿಮೀಟರಿನಲ್ಲಿ ತೆಗೆದರೆ ದಾರಿ ದಾರಿಯಷ್ಟೇ ಅಗಲ ಕಾಣುತ್ತದೆ. ಜೊತೆಗೆ ಸೂರು ತೆಗೆದು ಮೇಲಿನಿಂದ ಓರೆಯಾಗಿ, ದೂರಕ್ಕೆ ಹೋದಂತೆ ಗೆರೆಗಳು ಕೂಡಿಕೊಳ್ಳದಂತೆ ತೆಗೆದ ಒಂದು ನೋಟ ಇರಲಿ. ಯಾರೂ ಅದನ್ನು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕುವುದಿಲ್ಲ. ಅತ್ಯಂತ ಉಪಯೋಗಕ್ಕೆ ಬರುವ ನೋಟ ಅದೇ.

ಬೆಳಕಿನ ವಿಷಯದಲ್ಲಿ ನನಗೆ ಎರಡು ಗುಂಪಿನ ಮೇಲೂ ಸಿಟ್ಟಿದೆ. ಒಂದು ಗುಂಪಿನವರು ಸಂಜೆ ಬಿಸಿಲನ್ನು ಕಿಟಕಿಯಿಂದ ಓರೆಯಾಗಿ ಬಿಟ್ಟು, ಮರದ ಹೊಟ್ಟು ಆ ಬೆಳಕಿನಲ್ಲಿ ತೇಲುವಂತೆ ಮಾಡಿ, ಅರ್ಧ ಶೆಡ್ಡನ್ನು ಕತ್ತಲಿಗೆ ಬಿಟ್ಟುಬಿಡುತ್ತಾರೆ. ಸಿನಿಮಾಕ್ಕೆ ಸರಿ. ಆ ಕತ್ತಲ ಅರ್ಧದಲ್ಲೇ ಬ್ಯಾಂಡ್ ಸಾ ಇರುತ್ತದೆ. 1948ರ ಕಾರ್ಖಾನೆ ಕಾಯ್ದೆಯ 17ನೇ ಕಲಂ, ಕೆಲಸದ ಜಾಗದಲ್ಲಿ ಸಾಕಷ್ಟು ಬೆಳಕಿರಬೇಕು ಎಂದಷ್ಟೇ ಹೇಳಿ ಸುಮ್ಮನಾಗಿರಲಿಲ್ಲ. ಕಣ್ಣಿಗೆ ಆಯಾಸವನ್ನೋ ಅಪಘಾತವನ್ನೋ ತರುವ ನೆರಳೂ ಬೀಳಬಾರದು ಎಂದಿತ್ತು. ಪವರ್ ಬಳಸುವ ಕಡೆ ಹತ್ತು ಜನರಿಗಿಂತ ಕಡಿಮೆ ಇರುವ ಶೆಡ್ಡನ್ನು ಆ ಕಾಯ್ದೆ ಸಾಮಾನ್ಯವಾಗಿ ಮುಟ್ಟುತ್ತಲೂ ಇರಲಿಲ್ಲ. ಇನ್‌ಸ್ಪೆಕ್ಟರು ಬಾರದ ಕಡೆ ನೆರಳನ್ನು ಮೊದಲೇ ಹಿಡಿಯಬೇಕಾದ್ದು ಚಿತ್ರ. ಅದೇ ನೆರಳಿಗೆ ಶೃಂಗಾರ ಮಾಡಿದರೆ?

ಎರಡನೆಯ ಗುಂಪಿನವರು ನನ್ನ ಕಡೆಯವರಂತೆ ಕಾಣುತ್ತಾರೆ. ಚಿತ್ರ ಪೂರ್ತಿ ಬೆಳ್ಳಗೆ, ಎಲ್ಲೂ ನೆರಳಿಲ್ಲ, ಬೆಳಕು ಸಮವಾಗಿ ಹರಡಿದೆ. ಆದರೆ ಬೆಳಕು ಎಲ್ಲಿಂದ ಬಂತು ಎಂದು ಕೇಳಿದರೆ ಉತ್ತರವಿಲ್ಲ. ಸೂರು ತೆಗೆದು ಸುತ್ತಲಿನ ಆಕಾಶವನ್ನೇ ಒಳಗೆ ಬಿಟ್ಟಿರುತ್ತಾರೆ, ಇಲ್ಲವೆ ಎಲ್ಲಿಯೂ ಇಲ್ಲದ ಒಂದು ಬೆಳಕಿನ ಹಾಳೆಯನ್ನು ಮೇಲೆ ತೂಗಿರುತ್ತಾರೆ. ಅಂಗಡಿಯಲ್ಲಿ ಕೊಳ್ಳಲು ಸಿಗದ ದೀಪದಿಂದ ಬೆಳಗಿದ ಶೆಡ್ಡು ಅದು.

ಲೆಕ್ಕ ಕಷ್ಟವೇನಲ್ಲ. ನಮ್ಮ 19×29 ಅಡಿ ಎಂದರೆ ಸುಮಾರು 51 ಚದರ ಮೀಟರು. ಮರದ ಯಂತ್ರದ ಕೆಲಸಕ್ಕೆ 300ರಿಂದ 500 ಲಕ್ಸ್ ಬೆಳಕು ಬೇಕೆನ್ನುತ್ತಾರೆ, ಕೆಳಗಿನದನ್ನೇ ಹಿಡಿಯೋಣ. ಪ್ರತಿ ಚದರ ಮೀಟರಿಗೆ 300 ಲ್ಯೂಮೆನ್ನಿನಂತೆ ಮೇಜಿನ ಮಟ್ಟಕ್ಕೆ 15,400 ಲ್ಯೂಮೆನ್ ತಲುಪಬೇಕು. ದೀಪದಿಂದ ಹೊರಟದ್ದೆಲ್ಲ ತಲುಪುವುದಿಲ್ಲ. ಸುಣ್ಣ ಹೊಡೆದ ಗೋಡೆಯಿದ್ದರೂ ನೂರಕ್ಕೆ ಅರವತ್ತು ಸಿಕ್ಕರೆ ಪುಣ್ಯ, ಅದರಲ್ಲೂ ಹೊಟ್ಟು ಕೂತು ಮಂಕಾದ ಮೇಲೆ ಉಳಿಯುವುದು ಎಪ್ಪತ್ತು ಪಾಲು. ಎರಡನ್ನೂ ಸೇರಿಸಿದರೆ ನೂರಕ್ಕೆ ನಲವತ್ತೆರಡು. ಅಂದರೆ ದೀಪಗಳಿಂದ ಹೊರಡಬೇಕಾದ್ದು ಸುಮಾರು 36,600 ಲ್ಯೂಮೆನ್. ನಾಲ್ಕಡಿಯ 20 ವ್ಯಾಟಿನ ಎಲ್‌ಇಡಿ ಟ್ಯೂಬು ಸುಮಾರು 2000 ಕೊಡುತ್ತದೆ. ಹೆಚ್ಚುಕಡಿಮೆ ಹದಿನೆಂಟು ಟ್ಯೂಬು ಬೇಕು. ಆರು ಟ್ಯೂಬು ಕಟ್ಟಿ ಧಾರಾಳವಾಯಿತು ಅಂದುಕೊಳ್ಳುವ ಶೆಡ್ಡಿನಲ್ಲಿ ಇದೇ ಲೆಕ್ಕದಿಂದ ನೂರು ಲಕ್ಸ್ ಕೂಡ ಇಲ್ಲ. ಹದಿನೆಂಟನ್ನು ಉದ್ದುದ್ದ ಮೂರು ಸಾಲು, ಸಾಲಿಗೆ ಆರರಂತೆ ಕಟ್ಟಿದರೆ 29 ಅಡಿಯಲ್ಲಿ 24 ಅಡಿ ಟ್ಯೂಬೇ ತುಂಬುತ್ತದೆ, ಆಗ ಬೆಳಕು ತಾನಾಗಿ ಸಮವಾಗುತ್ತದೆ. ತಳ್ಳುವವನ ತಲೆಯ ನೆರಳು ಗರಗಸದ ಮೇಲೆ ಬೀಳದಂತೆ ಬ್ಲೇಡಿನ ಎರಡೂ ಬದಿಗೆ ಒಂದೊಂದು ಸಾಲು ಹಾಯಬೇಕು.

ಈಗ ಇದನ್ನೇ ಚಿತ್ರದೊಳಗೆ ಇಡಿ. ಇಲ್ಲಿ ಅನುಭವಸ್ಥರೂ ಎಡವುವ ಒಂದು ಕಲ್ಲಿದೆ. ಬ್ಲೆಂಡರು ದೀಪದ ಶಕ್ತಿಯನ್ನು ವ್ಯಾಟಿನಲ್ಲಿ ಕೇಳುತ್ತದೆ. ಟ್ಯೂಬಿನ ಡಬ್ಬಿಯ ಮೇಲೆ 20 ಇದೆಯೆಂದು 20 ಬರೆದುಬಿಡುತ್ತಾರೆ. ಡಬ್ಬಿಯ ವ್ಯಾಟು ಕರೆಂಟು ತಿನ್ನುವ ಲೆಕ್ಕ, ಬ್ಲೆಂಡರಿನ ವ್ಯಾಟು ಹೊರಬೀಳುವ ಬೆಳಕಿನ ಲೆಕ್ಕ. 2000 ಲ್ಯೂಮೆನ್ನಿನ ಟ್ಯೂಬಿಗೆ ಅಲ್ಲಿ ಮೂರೂವರೆ ಆಸುಪಾಸು ಸಾಕು. 20 ಬರೆದರೆ ಐದಾರು ಪಟ್ಟು ಹೆಚ್ಚಾಯಿತು, ಆರು ಟ್ಯೂಬಿನ ಶೆಡ್ಡು ಮೂವತ್ತು ಟ್ಯೂಬಿನ ಹಾಗೆ ಹೊಳೆಯಿತು. ಅದರ ಮೇಲೆ ಗೋಡೆಗೆ ಅಪ್ಪಟ ಬಿಳಿ, ನೆಲಕ್ಕೆ ಕನ್ನಡಿಯಂಥ ಪಾಲಿಶು. ಸುಣ್ಣದ ಗೋಡೆ ಬಿದ್ದ ಬೆಳಕಿನಲ್ಲಿ ಮುಕ್ಕಾಲು ಪಾಲಿನಷ್ಟನ್ನು ಹಿಂದಿರುಗಿಸೀತು, ಸಿಮೆಂಟು ನೆಲ ಕಾಲು ಪಾಲನ್ನು. ಬಣ್ಣಗಳಿಗೆ ಈ ಮಿತಿ ಹಾಕಿ, ಎಕ್ಸ್‌ಪೋಷರನ್ನು ಒಂದು ಕಡೆ ಕಟ್ಟಿಹಾಕಿ, ಆಮೇಲೆ ಚಿತ್ರ ಬರಿಸಿ. ಎಲ್ಲಿ ಮಂಕು ಎನ್ನುವುದರಲ್ಲಿ ಬರಿಗಣ್ಣಿಗೆ ಮೋಸವಾಗುತ್ತದೆ. ಬ್ಲೆಂಡರಿನಲ್ಲೇ ಇರುವ ಫಾಲ್ಸ್ ಕಲರ್ ನೋಟ ಹಾಕಿದರೆ ಬೆಳಕಿನ ಏರಿಳಿತ ಬಣ್ಣ ಬಣ್ಣವಾಗಿ ಕಾಣುತ್ತದೆ. ಲಕ್ಸ್ ಅಂಕಿಯೇ ಬೇಕೆಂದರೆ ಡಯಾಲಕ್ಸ್ ಎನ್ನುವ ಬಿಟ್ಟಿ ತಂತ್ರಾಂಶವಿದೆ, ಅದಕ್ಕೆ ಮಾಡಿದ್ದೇ ಅದು.

ಒಂದನ್ನು ಮಾತ್ರ ಯಾವ ಚಿತ್ರವೂ ತೋರಿಸದು. ನಮ್ಮ 50 ಹರ್ಟ್ಸ್ ಕರೆಂಟಿನಲ್ಲಿ ಹಳೆ ಚೋಕಿನ ಟ್ಯೂಬು, ಕೆಲವು ಅಗ್ಗದ ಎಲ್‌ಇಡಿ, ಸೆಕೆಂಡಿಗೆ ನೂರು ಸಲ ಮಿನುಗುತ್ತವೆ. ಆ ಮಿನುಗಿಗೆ ಹೊಂದಿಕೊಂಡ ವೇಗದಲ್ಲಿ ತಿರುಗುವ ಬ್ಲೇಡು ನಿಂತೇ ಬಿಟ್ಟಿದೆ ಎನ್ನಿಸಬಹುದು. ಇದಕ್ಕೆ ಒಳ್ಳೆಯ ಡ್ರೈವರಿನ ಟ್ಯೂಬು ಕೊಳ್ಳುವುದೇ ದಾರಿ.

ನನ್ನ ವಿರುದ್ಧ ಎರಡು ಮಾತು ಕೇಳಿಬರುತ್ತವೆ, ಎರಡರಲ್ಲೂ ಹುರುಳಿದೆ. ಮೊದಲನೆಯದು: ಸಣ್ಣ ಶೆಡ್ಡಿನಲ್ಲಿ ದಾರಿ ಖಾಲಿ ಇರುವುದುಂಟೇ, ಖಾಲಿ ದಾರಿಯ ಚಿತ್ರವೇ ದೊಡ್ಡ ಸುಳ್ಳಲ್ಲವೇ? ನಿಜ. ತುಂಡು ಮರ, ಹೊಟ್ಟಿನ ಚೀಲ, ಅಂಟು ಆರಲು ಇಟ್ಟ ಬಾಗಿಲು, ಮಳೆ ಬಂತೆಂದು ಒಳಗೆ ತಳ್ಳಿದ ಸ್ಕೂಟರು. ಇವು ಯಾವುದೂ ಇಲ್ಲದ ಚಿತ್ರದಲ್ಲಿ ದಾರಿ ಖಾಲಿ ಇದ್ದರೆ ಅದಕ್ಕೆ ಬೆಲೆಯಿಲ್ಲ. ಆದ್ದರಿಂದ ಇವನ್ನೆಲ್ಲ ಮೊದಲು ಚಿತ್ರದೊಳಗೆ ತನ್ನಿ, ಪ್ರತಿಯೊಂದಕ್ಕೂ ಜಾಗ ಕೊಡಿ, ಆಮೇಲೂ ಮೂರಡಿ ಉಳಿದರೆ ಅದನ್ನು ದಾರಿ ಎನ್ನಿ. ನಮ್ಮ ಲೆಕ್ಕದ ಶೆಡ್ಡಿನಲ್ಲಿ ಇಪ್ಪತ್ತಡಿ ಪಟ್ಟಿ ಹಿಂಗೋಡೆಯಿಂದ ಹೊರಟರೆ ಶೆಟರಿನ ಕಡೆ ಒಂಬತ್ತಡಿ ಉಳಿಯುತ್ತದೆ. ಶೀಟಿನ ದಾಸ್ತಾನು, ಆರುವ ಬಾಗಿಲು, ಸ್ಕೂಟರು ಅಲ್ಲಿಗೇ ಬರಬೇಕು, ನಡುವೆ ಶೀಟು ಹೊತ್ತು ಹೋಗಲು ಎಡೆ ಬಿಟ್ಟು. ಹೊಟ್ಟಿನ ಚೀಲಕ್ಕೆ ರಂದಾ ಮಷಿನ್ನಿನ ಪಕ್ಕವೇ ಎರಡಡಿ ಕೊಡದಿದ್ದರೆ ಅದು ದಾರಿಗೇ ಬಂದು ಕೂರುತ್ತದೆ. ನಾನು ನೋಡಿದ ಶೆಡ್ಡುಗಳಲ್ಲಿ ದಾರಿಯನ್ನು ಮೊದಲು ನುಂಗಿದ್ದು ಯಾವಾಗಲೂ ಆ ಚೀಲವೇ.

ಎರಡನೆಯದು ಹಳಬರ ಮಾತು: ಸೀಮೆಸುಣ್ಣ ಹಿಡಿದು ನೆಲದ ಮೇಲೆ ಬರೆದರಾಯಿತು, ಇದಕ್ಕೆ ಕಂಪ್ಯೂಟರು ಯಾಕೆ? ಶೆಡ್ಡು ಆಗಲೇ ಎದ್ದು ನಿಂತಿದ್ದರೆ ನಾನೂ ಸೀಮೆಸುಣ್ಣದ ಪಕ್ಷವೇ. ಅದಕ್ಕಿಂತ ಸತ್ಯವಾದ ಅಳತೆ ಇಲ್ಲ, ಶೀಟನ್ನೇ ತಂದು ಹಿಡಿದು ನಡೆದು ನೋಡಬಹುದು. ಆದರೆ ಸೀಮೆಸುಣ್ಣ ನೆಲದಿಂದ ಮೇಲೇಳುವುದಿಲ್ಲ. ಎಂಟು ನಾಲ್ಕರ ಶೀಟನ್ನು ನಿಲ್ಲಿಸಿ ಮಗುಚುವಾಗ ಅದರ ಮೂಲೆ ಹೆಚ್ಚುಕಡಿಮೆ ಒಂಬತ್ತಡಿ ಎತ್ತರಕ್ಕೆ ಹೋಗುತ್ತದೆ. ಮೂಲೆಯಿಂದ ಮೂಲೆಗೆ ಅದರ ಅಳತೆ 8.94 ಅಡಿ. ಹತ್ತಡಿ ಸೂರಿನ ಶೆಡ್ಡಿನಲ್ಲಿ ಬೆಳಕು ಹತ್ತಿರ ಬರಲೆಂದು ಟ್ಯೂಬುಗಳನ್ನು ಒಂದೂವರೆ ಅಡಿ ಇಳಿಬಿಟ್ಟರೆ ಮೊದಲ ವಾರದಲ್ಲೇ ಒಂದು ಚೂರಾಗುತ್ತದೆ, ಕೆಳಗಿದ್ದವನ ತಲೆಯ ಮೇಲೆ. ಸೂರಿಗೆ ಅಂಟಿಸಿ ಕಟ್ಟಿದರೆ ಉಳಿಯುತ್ತದೆ. ಶೆಡ್ಡು ಕಟ್ಟುವ ಮೊದಲು ಶೀಟನ್ನು ಚಿತ್ರದೊಳಗೆ ಒಮ್ಮೆ ಮಗುಚಿ ನೋಡಿದರೆ ಗೊತ್ತಾಗುವ ಸಂಗತಿ ಇದು.

ಇಷ್ಟೆಲ್ಲ ಮಾಡಿದರೆ ಚಿತ್ರ ನೀರಸವಾಗುತ್ತದೆ, ದುಡ್ಡು ಕೊಡುವವರು ಒಪ್ಪುವುದಿಲ್ಲ ಎನ್ನುತ್ತಾರೆ ಚಿತ್ರ ಮಾಡುವವರು. ದುಡ್ಡು ಕೊಡುವವರು ಯಾರು? ಫ್ಲಾಟು ಮಾರುವ ಕಂಪನಿಯಲ್ಲ. ಸಾಲ ಮಾಡಿ ನಾಲ್ಕು ಯಂತ್ರ ತರುವ ಬಡಗಿ, ಮಗ್ಗುಲಲ್ಲಿ ಇಬ್ಬರು ಹುಡುಗರು. ಕಟಿಂಗ್ ಮಷಿನ್ನನ್ನು ಕಾಂಕ್ರೀಟಿಗೆ ಬೋಲ್ಟು ಹಾಕಿ ಕೂರಿಸಿ, ಕರೆಂಟಿನ ಪೈಪನ್ನು ನೆಲದೊಳಗೆ ಹೂತ ಮೇಲೆ ಒಂದಡಿ ಕಡಿಮೆ ಎಂದು ತಿಳಿದರೆ ನೆಲ ಒಡೆಯಬೇಕು. ಹಳದಿ ಪಟ್ಟಿ, ಹದಿನೆಂಟು ಟ್ಯೂಬು, ಹೊಟ್ಟಿನ ಚೀಲ, ಗೋಡೆಗೊರಗಿದ ಶೀಟು, ಇಬ್ಬರು ಮನುಷ್ಯರು ಇರುವ ಚಿತ್ರವನ್ನು ಅವರ ಮುಂದಿಟ್ಟಾಗ "ಚೆನ್ನಾಗಿದೆ" ಎಂದು ಅವರು ಹೇಳದೆ ಇರಬಹುದು. "ಈ ಮೇಜು ಅಲ್ಲಿ ಬೇಡ ಸಾರ್, ಬಾಗಿಲ ಫ್ರೇಮು ತಿರುಗಿಸೋಕೆ ಆಗಲ್ಲ" ಎನ್ನುತ್ತಾರೆ. ಆಗ ಮೇಜನ್ನು ಸರಿಸಿ, ಇನ್ನೊಂದು ಚಿತ್ರ ತೆಗೆಯಿರಿ.